ಬಾಣಲೆಗೆ ಮಿರ್ಚಿ ಮಾತ್ರ: ಮಳೆಯ ಸಂಜೆಗೊಂದು ಅಡುಗೆ ಸಾಲು

ದಾವಣಗೆರೆಯಲ್ಲಿ ಮಳೆ ಹಿಡಿದ ಸಂಜೆ ಎಂದರೆ ಮಂಡಕ್ಕಿ–ಮಿರ್ಚಿ. ಅದನ್ನು ಬಿಡಿ ಎಂದು ಯಾರಿಗೂ ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ತೊಂದರೆ ಶುರುವಾಗುವುದು ಮಿರ್ಚಿಯ ಹಿಂದೆಯೇ ಈರುಳ್ಳಿ ಬಜ್ಜಿ, ಅದರ ಹಿಂದೆ ಬೋಂಡ, ಕೊನೆಗೆ ಹಪ್ಪಳ ಎಂದು ಎಲ್ಲವನ್ನೂ ಅದೇ ಬಾಣಲೆಗೆ ಬಿಟ್ಟಾಗ. ಎರಡನೆಯ ತಟ್ಟೆಗೇ ನಾಲಿಗೆಗೆ ಎಲ್ಲವೂ ಒಂದೇ ರುಚಿ ಎನಿಸುತ್ತದೆ. ಕರಿಯುವವರಂತೂ ಒಲೆಯ ಮುಂದಿನಿಂದ ಅಲುಗುವಂತಿಲ್ಲ.

ಆದ್ದರಿಂದ ಇಲ್ಲಿ ಕರಿಯುವುದು ಮಿರ್ಚಿ ಮಾತ್ರ, ತಲೆಗೆ ಎರಡು. ಕುಡಿಯಲು ಹುರುಳಿ ಕಟ್ಟಿನ ಸೂಪು, ಗರಿಗರಿಗೆ ಪಡ್ಡಿನ ಹಂಚಿನಲ್ಲಿ ಬೇಯುವ ಮೆಕ್ಕೆಜೋಳದ ವಡೆ, ಕೊನೆಗೆ ಬಿಸಿ ಕಷಾಯ. ಕೆಳಗಿನ ಅಳತೆಗಳು ನಾಲ್ಕು ಜನರಿಗೆ. ಸಂಜೆ ಆರೂವರೆಗೆ ತಟ್ಟೆ ಹಾಕುವುದು ಎಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಕಟ್ಟು

ಒಂದು ಲೋಟ ಹುರುಳಿಕಾಳನ್ನು ಕಲ್ಲು ಆರಿಸಿ, ತೊಳೆದು, ಬೆಳಿಗ್ಗೆಯೇ ನೆನೆಹಾಕಿ. ಹುರುಳಿ ಗಟ್ಟಿ ಕಾಳು. ಎಂಟು ಗಂಟೆಯಾದರೂ ನೆನೆಯದಿದ್ದರೆ ಕುಕ್ಕರಿನಲ್ಲೂ ಸತಾಯಿಸುತ್ತದೆ. ಸಂಜೆ ಐದಕ್ಕೆ ನೆನೆದ ನೀರನ್ನು ಚೆಲ್ಲಿ, ಆರು ಲೋಟ ಹೊಸ ನೀರು ಹಾಕಿ, ಆರು ಕೂಗು ಬರಿಸಿ. ಆಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ ಬಿಡಿ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ತಡೆಯಿಲ್ಲದೆ ಹಿಸುಕಿಕೊಳ್ಳಬೇಕು. ಕಾಳು ಸೀಳಿದೆ, ಆದರೆ ನಡುವೆ ಇನ್ನೂ ಗಟ್ಟಿಯಾಗಿದೆ ಎಂದರೆ ಅದರ ಸಾರ ನೀರಿಗೆ ಇಳಿದಿಲ್ಲ. ಮತ್ತೆರಡು ಕೂಗು ಬರಿಸಿ. ಬಸಿದರೆ ನಾಲ್ಕು ಲೋಟದಷ್ಟು ಕಂದುಬಣ್ಣದ ಕಟ್ಟು ಸಿಗುತ್ತದೆ.

ಇದಕ್ಕೆ ನಾನು ಹಸಿ ಈರುಳ್ಳಿ ಹಾಕುವುದಿಲ್ಲ. ಒಂದು ಮಧ್ಯಮ ಗಾತ್ರದ ಈರುಳ್ಳಿಯನ್ನು ಸಿಪ್ಪೆಯ ಸಮೇತ ನೇರ ಉರಿಯ ಮೇಲೆ ಜಾಲರಿಯಿಟ್ಟು ಸುಡುತ್ತೇನೆ. ಹೊರಸಿಪ್ಪೆ ಪೂರ್ತಿ ಕಪ್ಪಾಗಿ, ತುದಿಯಿಂದ ರಸ ಜಿನುಗಿ ಚುರ್ ಎನ್ನುವಾಗ ಇಳಿಸಿ, ಕರಿ ಸಿಪ್ಪೆ ತೆಗೆದರೆ ಒಳಗೆ ಮೆತ್ತಗಿನ ಸಿಹಿ ತಿರುಳು ಇರುತ್ತದೆ. ಅದರೊಂದಿಗೆ ಆರು ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಒಂದು ಟೊಮೆಟೊ, ಸಣ್ಣ ಚೂರು ಹುಣಸೆಹಣ್ಣು ಮತ್ತು ಬಸಿದ ಕಾಳಿನಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಸೂಪಿಗೆ ಮಂದ ಬರುವುದು ಈ ಒಂದು ಹಿಡಿ ಕಾಳಿನಿಂದಲೇ. ಕಾರ್ನ್‌ಫ್ಲೋರು, ಬೆಣ್ಣೆ ಯಾವುದೂ ಬೇಡ. ಎರಡು ಹಿಡಿ ಹಾಕಿದರೆ ಅದು ಸಾರಾಗುತ್ತದೆ, ಲೋಟದಲ್ಲಿ ಕುಡಿಯಲು ಬರುವುದಿಲ್ಲ.

ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ರುಬ್ಬಿದ ಕಾಳು ತಳ ಹಿಡಿಯುವ ಸ್ವಭಾವದ್ದು, ಸೌಟು ಆಡಿಸುತ್ತಲೇ ಇರಬೇಕು. ಒಂದು ಚಮಚ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮುಚ್ಚಿಡಿ. ಆರುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಬಡಿಸುವ ಮೊದಲು ಅರ್ಧ ಲೋಟ ಬಿಸಿನೀರು ಬೆರೆಸಿದರೆ ಸರಿಹೋಗುತ್ತದೆ. ಮಿಕ್ಕ ಕಾಳನ್ನು ಚೆಲ್ಲಬೇಡಿ, ಮರುದಿನ ಬೆಳಿಗ್ಗೆ ರೊಟ್ಟಿಗೆ ಪಲ್ಯವಾಗುತ್ತದೆ.

ಪಡ್ಡಿನ ಹಂಚಿನಲ್ಲಿ ವಡೆ

ಈ ಸಂಜೆಯ ಮುಖ್ಯ ಕೆಲಸ ಇದು. ಕರಿಯದೆ ಗರಿಗರಿ ಮಾಡಲು ಹೊರಟವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಬಜ್ಜಿಯ ಕಡಲೆಹಿಟ್ಟನ್ನೇ ಪಡ್ಡಿನ ಗುಳಿಗೆ ಹಾಕುತ್ತಾರೆ. ಕಾದ ಎಣ್ಣೆಯಲ್ಲಿ ಮುಳುಗಿದ ಬಜ್ಜಿಗೆ ಸುತ್ತಲಿಂದಲೂ ಬಿಸಿ ತಾಗುತ್ತದೆ, ಗುಳಿಯಲ್ಲಿ ತಾಗುವುದು ತಳದಿಂದ ಮಾತ್ರ. ನುಣ್ಣನೆಯ ಕಡಲೆಹಿಟ್ಟು ಅಲ್ಲಿ ಹೊರಗೆ ಒಣಗುತ್ತದೆ, ಒಳಗೆ ಅಂಟಂಟಾಗಿ ಹಸಿವಾಸನೆ ಹೊಡೆಯುತ್ತದೆ. ತರಿತರಿಯಾಗಿ ರುಬ್ಬಿದ ಹಿಟ್ಟಾದರೆ ತರಿಗಳ ಸಂದಿಯಲ್ಲಿ ಹಬೆ ಓಡಾಡಿ ನಡುಭಾಗವೂ ಬೇಯುತ್ತದೆ. ಇಲ್ಲಿ ಕಡಲೆಬೇಳೆ ಮತ್ತು ಹಸಿ ಮೆಕ್ಕೆಜೋಳ ಬೇಕಾಗುವುದು ಇದಕ್ಕಾಗಿ.

ಜಿಲ್ಲೆಯ ತುಂಬ ಮೆಕ್ಕೆಜೋಳ ಬೆಳೆಯುವುದರಿಂದ ಮಳೆಗಾಲದ ನಡುವೆ ಹಸಿ ತೆನೆ ಸಿಗುವುದು ಕಷ್ಟವಲ್ಲ. ತೆನೆ ಆರಿಸುವಾಗ ಸಿಪ್ಪೆ ಸ್ವಲ್ಪ ಸರಿಸಿ, ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಹಾಲು ಚಿಮ್ಮಿದರೆ ಎಳೆಯದು, ತೆಗೆದುಕೊಳ್ಳಿ. ನೀರಿನಂಥ ರಸ ಬಂದರೆ ತೀರಾ ಎಳಸು. ಉಗುರು ಇಳಿಯದೆ ಹಿಟ್ಟಿನಂತೆ ಉದುರಿದರೆ ಬಲಿತದ್ದು. ಅದು ಸುಡಲೂ ಬಾರದು, ವಡೆಗಂತೂ ಬೇಡವೇ ಬೇಡ.

ಅರ್ಧ ಲೋಟ ಕಡಲೆಬೇಳೆಯನ್ನು ಮೂರೂವರೆಗೇ ನೆನೆಹಾಕಿ, ಎರಡು ಗಂಟೆ ಸಾಕು. ಐದೂವರೆಗೆ ನೀರನ್ನು ಪೂರ್ತಿ ಬಸಿದು, ಒಂದು ಚಮಚದಷ್ಟು ಇಡೀ ಬೇಳೆ ತೆಗೆದಿಟ್ಟು, ಉಳಿದದ್ದನ್ನು ಎರಡು ಹಸಿಮೆಣಸಿನಕಾಯಿ ಮತ್ತು ಬೆರಳಗಲ ಶುಂಠಿಯ ಜೊತೆ ನೀರು ಹಾಕದೆ ತರಿಯಾಗಿ ರುಬ್ಬಿ. ಎರಡು ತೆನೆಗಳ ಕಾಳನ್ನು ಬೇರೆಯಾಗಿ, ಮಿಕ್ಸಿಯನ್ನು ಎರಡೋ ಮೂರೋ ಸಲ ಮಾತ್ರ ತಿರುಗಿಸಿ ಜಜ್ಜಿಕೊಳ್ಳಿ. ಎರಡನ್ನೂ ಬೆರೆಸಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಅರ್ಧ ಚಮಚ ಜೀರಿಗೆ, ತೆಗೆದಿಟ್ಟ ಬೇಳೆ ಸೇರಿಸಿ. ಖಾರ ಹೆಚ್ಚಿಸಲು ಹೋಗಬೇಡಿ. ಸೂಪಿನಲ್ಲಿ ಮೆಣಸಿದೆ, ಮುಂದೆ ಮಿರ್ಚಿ ಬರಲಿದೆ. ನಡುವೆ ಜೋಳದ ಸಿಹಿ ನಾಲಿಗೆಗೆ ತಾಗಬೇಕು.

ಉಪ್ಪನ್ನು ಹಂಚು ಕಾಯಲಿಟ್ಟ ಮೇಲೆ ಹಾಕಿ. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಸಡಿಲಾಗುತ್ತದೆ. ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಹಿಟ್ಟು ಮುದ್ದೆಯಾಗಿ ಬೀಳಬೇಕು, ಹರಿಯಬಾರದು. ಹರಿದರೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ. ಅದಕ್ಕಿಂತ ಹೆಚ್ಚು ಹಾಕಿದರೆ ವಡೆ ಗಟ್ಟಿಯಾಗುತ್ತದೆ.

ಹಂಚು ಚೆನ್ನಾಗಿ ಕಾಯಲಿ. ಒಂದು ಹನಿ ನೀರು ಚಿಮುಕಿಸಿದರೆ ಕುಣಿದು ಆರಬೇಕು. ಪ್ರತಿ ಗುಳಿಗೆ ಅರ್ಧ ಚಮಚ ಕಡಲೆಕಾಯಿ ಎಣ್ಣೆ ಬಿಡಿ. ಪಕ್ಕದ ಚಳ್ಳಕೆರೆಗೆ ಎಣ್ಣೆಯ ಊರೆಂದೇ ಹೆಸರು. ನಮ್ಮ ಕಡೆಯ ಅಡುಗೆಗೆ ಒಗ್ಗುವ ಎಣ್ಣೆ ಅದೇ. ಹಿಟ್ಟನ್ನು ಗುಳಿಯ ಅಂಚಿನವರೆಗೆ ತುಂಬಿ, ಮೇಲೆ ಒದ್ದೆ ಬೆರಳಿನಿಂದ ಸವರಿ, ಉರಿ ತಗ್ಗಿಸಿ ಮುಚ್ಚಳ ಮುಚ್ಚಿ. ನಾಲ್ಕು ನಿಮಿಷದ ನಂತರ ಅಂಚು ಕಂದಾಗಿ ಗುಳಿಯಿಂದ ಬಿಟ್ಟುಕೊಂಡಿರುತ್ತದೆ. ಕಡ್ಡಿ ಹಾಕಿದಾಗ ವಡೆ ಅಲುಗದಿದ್ದರೆ ಬಲವಂತ ಮಾಡಬೇಡಿ. ಅಂಟಿದೆ ಎಂದರೆ ಬಹುಮಟ್ಟಿಗೆ ಇನ್ನೂ ಬೆಂದಿಲ್ಲ ಎಂದೇ ಅರ್ಥ. ಇನ್ನೊಂದು ನಿಮಿಷ ಬಿಟ್ಟರೆ ತಾನೇ ಏಳುತ್ತದೆ. ಮಗುಚಿದ ಮೇಲೆ ಎರಡೆರಡು ಹನಿ ಎಣ್ಣೆ ಬಿಟ್ಟು, ಮುಚ್ಚಳ ಹಾಕದೆ ಮೂರು ನಾಲ್ಕು ನಿಮಿಷ ಬೇಯಿಸಿ. ಮೊದಲ ಮಗ್ಗುಲಿಗೆ ಮುಚ್ಚಳ ಬೇಕು, ಒಳಗು ಬೇಯುವುದು ಆ ಹಬೆಯಲ್ಲಿ. ಎರಡನೆಯದಕ್ಕೆ ಅದೇ ಮುಚ್ಚಳ ಶತ್ರು: ಹಬೆ ಮತ್ತೆ ವಡೆಯ ಮೇಲೆಯೇ ಇಳಿದು ಗರಿಯನ್ನು ಮೆತ್ತಗೆ ಮಾಡುತ್ತದೆ.

ಮೊದಲ ಸರದಿಯಲ್ಲಿ ಒಂದನ್ನು ಮುರಿದು ನೋಡಿ. ನಡುವೆ ಒದ್ದೆಯಾಗಿ, ಬೇಳೆಯ ಹಸಿವಾಸನೆ ಇದ್ದರೆ ಉರಿ ಹೆಚ್ಚಾಗಿತ್ತು ಎಂದು ತಿಳಿಯಿರಿ. ಮುಂದಿನ ಸರದಿಗೆ ಉರಿ ಇನ್ನಷ್ಟು ಇಳಿಸಿ, ಒಂದು ನಿಮಿಷ ಹೆಚ್ಚು ಕೊಡಿ. ಹನ್ನೆರಡು ಗುಳಿಯ ಹಂಚಾದರೆ ಎರಡು ಸರದಿಗೆ ಮುಗಿಯುತ್ತದೆ. ಒಲೆಯಿಂದ ಇಳಿದದ್ದನ್ನು ಡಬ್ಬಿಯಲ್ಲಿ ಮುಚ್ಚಿಡದೆ ಜಾಲರಿಯ ಮೇಲೆ ಹರಡಿ.

ಮಂಡಕ್ಕಿ, ಮಿರ್ಚಿ

ಮಳೆಯ ತೇವಕ್ಕೆ ಮಂಡಕ್ಕಿ ಬೇಗ ಮೆತ್ತಗಾಗುತ್ತದೆ. ಊರಿನ ಭಟ್ಟಿಯಿಂದ ಆ ದಿನವೇ ತಂದದ್ದಾದರೂ ಒಗ್ಗರಣೆಗೆ ಮೊದಲು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬೆಚ್ಚಗೆ ಮಾಡಿ. ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗದೆ ಪುಡಿಯಾಗಬೇಕು. ಎರಡು ಚಮಚ ಎಣ್ಣೆಯಲ್ಲಿ ಶೇಂಗಾ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಉಪ್ಪು ಹಾಕಿ ಒಗ್ಗರಣೆ ಮಾಡಿ, ಒಲೆ ಆರಿಸಿ, ಮಂಡಕ್ಕಿ ಹಾಕಿ ಕಲಸಿ. ಮೇಲೆ ಹುರಿಗಡಲೆ ಪುಡಿ ಉದುರಿಸಿ. ಹಸಿ ಈರುಳ್ಳಿ, ಟೊಮೆಟೊ ಬೆರೆಸುವುದಾದರೆ ತಟ್ಟೆಗೆ ಹಾಕಿದ ಮೇಲೆಯೇ.

ಮಿರ್ಚಿಗೆ ಉದ್ದನೆಯ, ತಿಳಿಹಸಿರಿನ ಬಜ್ಜಿ ಮೆಣಸಿನಕಾಯಿ ಎಂಟು. ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ಕಾಯಿಗೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ. ಒಂದು ಬದಿ ಸೀಳಿ, ಬೀಜ ತೆಗೆದು, ಓಮ, ಉಪ್ಪು ಮತ್ತು ಗಟ್ಟಿ ಹುಣಸೆರಸ ಕಲಸಿ ಒಳಗೆ ಸವರಿ. ಒಂದು ಲೋಟ ಕಡಲೆಹಿಟ್ಟು, ಒಂದು ಚಮಚ ಅಕ್ಕಿಹಿಟ್ಟು, ಉಪ್ಪು, ಚಿಟಿಕೆ ಸೋಡ ಸೇರಿಸಿ, ಕಾಯಿಗೆ ದಪ್ಪ ಪದರವಾಗಿ ನಿಲ್ಲುವ ಹದಕ್ಕೆ ಕಲಸಿ.

ಅಗಲ ಬಾಣಲೆಯ ಬದಲು ಸಣ್ಣ, ಆಳದ ಬಾಣಲೆ ಇಟ್ಟರೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸಾಕು, ಒಮ್ಮೆಗೆ ಎರಡು ಕರಿಯಬಹುದು. ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಇರಬಾರದು. ಹಿಟ್ಟಿನ ಹನಿ ಬಿಟ್ಟಾಗ ತಳಕ್ಕೆ ಹೋಗಿ ಕೂಡಲೇ ಮೇಲೆದ್ದರೆ ಹದ. ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ, ಆಗ ಬಿಟ್ಟ ಮಿರ್ಚಿ ಎಣ್ಣೆ ಕುಡಿಯುತ್ತದೆ. ಇದನ್ನು ಎಲ್ಲರೂ ಸೂಪು ಕುಡಿದು ವಡೆ ತಿನ್ನುತ್ತಿರುವಾಗ ಕರಿಯಿರಿ. ತಲೆಗೆ ಎರಡೇ ಆದ್ದರಿಂದ ಹದಿನೈದು ನಿಮಿಷಕ್ಕೆ ಒಲೆ ಆರುತ್ತದೆ, ಕರಿದವರೂ ಬಂದು ಕೂರಬಹುದು.

ಕೊನೆಗೆ ಕಷಾಯ

ನಾಲ್ಕು ಚಮಚ ಕೊತ್ತಂಬರಿ ಬೀಜ, ಎರಡು ಚಮಚ ಜೀರಿಗೆ, ಅರ್ಧ ಚಮಚ ಮೆಣಸು ಘಮ ಬರುವಷ್ಟು ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಎರಡು ಲೋಟ ನೀರಿಗೆ ಈ ಪುಡಿ ಎರಡು ಚಮಚ, ಜಜ್ಜಿದ ಶುಂಠಿ ಒಂದು ಚೂರು ಹಾಕಿ ಐದು ನಿಮಿಷ ಕುದಿಸಿ, ಆಮೇಲೆ ಎರಡು ಲೋಟ ಹಾಲು ಹಾಕಿ. ಹಸಿ ಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಗುಣವಿದೆ, ನೀರಿನಲ್ಲಿ ಚೆನ್ನಾಗಿ ಕುದಿದರೆ ಅದು ಅಡಗುತ್ತದೆ. ಬೆಲ್ಲದ ಹುಳಿಯಿಂದಲೂ ಹಾಲು ಒಡೆಯುವುದುಂಟು. ಹಾಗಾಗಿ ಹಾಲು ಒಂದು ಕುದಿ ಬಂದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಪುಡಿ ಮಾಡಿದ ಬೆಲ್ಲ ಹಾಕಿ ಕರಗಿಸಿ, ಸೋಸಿ. ಬೆಲ್ಲ ಹಾಕಿದ ಕಷಾಯವನ್ನು ಮತ್ತೆ ಕುದಿಸಬಾರದು. ತಡವಾಗಿ ಬರುವವರಿದ್ದರೆ ಬೆಲ್ಲ ಹಾಕುವ ಮೊದಲೇ ಅವರ ಪಾಲನ್ನು ತೆಗೆದಿಡಿ.