ಪಟ್ಟಿ ಬರೆಯದೆ 3000ನೇ ಕ್ರಮಯೋಜನೆ ಹುಡುಕುವುದು

1ರಿಂದ 7ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿದರೆ 5040 ಸಂಖ್ಯೆಗಳು ಸಿಗುತ್ತವೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದರೆ ಮೊದಲನೆಯದು 1234567, ಕೊನೆಯದು 7654321. ಹಾಗಾದರೆ 3000ನೇ ಸಾಲಿನಲ್ಲಿ ಏನಿರುತ್ತದೆ? ಏಳೇ ಅಂಕಿ ಇದ್ದಾಗ ಎಲ್ಲವನ್ನೂ ಕಂಪ್ಯೂಟರಿನಿಂದ ಬರೆಸಿ ಎಣಿಸಿದರೂ ಏನೂ ತೊಂದರೆಯಿಲ್ಲ. ಹದಿನೈದಾದರೆ ಸಾಲುಗಳು ಸುಮಾರು 1.3 ಲಕ್ಷ ಕೋಟಿ. ಅಲ್ಲಿ ಎಣಿಕೆ ನಡೆಯುವುದಿಲ್ಲ, ನೇರವಾಗಿ ಆ ಸಾಲಿಗೇ ಹೋಗಿ ನಿಲ್ಲಬೇಕು. ಅದಕ್ಕೆ ನಾನು ಬಳಸುವುದು ಫ್ಯಾಕ್ಟೋರಿಯಲ್ ಸಂಖ್ಯಾಪದ್ಧತಿ.

ಮೊದಲು ಕೈಲೆಕ್ಕದಲ್ಲೇ ನೋಡೋಣ. ಮೊದಲ ಅಂಕಿ 1 ಎಂದು ಗಟ್ಟಿಮಾಡಿಕೊಂಡರೆ ಉಳಿದ ಆರು ಅಂಕಿಗಳು 6! = 720 ರೀತಿಯಲ್ಲಿ ಕೂರುತ್ತವೆ. ಅಂದರೆ 1ರಿಂದ ಶುರುವಾಗುವ ಸಾಲುಗಳು 720, ಅದರ ಹಿಂದೆಯೇ 2ರಿಂದ ಶುರುವಾಗುವವು 720, ಹೀಗೆ ಏಳು ಕಟ್ಟುಗಳು. 3000ನೇ ಸಾಲಿಗೆ ಮೊದಲು ದಾಟಬೇಕಾದ ಸಾಲುಗಳು 2999. ಅದನ್ನು 720ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 119. ನಾಲ್ಕು ಕಟ್ಟುಗಳನ್ನು ದಾಟಿ ಐದನೆಯದರೊಳಗೆ ಬಂದಿದ್ದೇವೆ, ಹಾಗಾಗಿ ಮೊದಲ ಅಂಕಿ 5.

ಈಗ ಉಳಿದದ್ದು 1 2 3 4 6 7. ಇಲ್ಲಿ ಒಂದೊಂದು ಕಟ್ಟಿನಲ್ಲಿ 5! = 120 ಸಾಲು, ನಮ್ಮ ಕೈಯಲ್ಲಿರುವುದು 119. ಭಾಗಲಬ್ಧ 0. ಎಷ್ಟೋ ಜನ ಕಾಲು ಜಾರುವುದು ಇಲ್ಲೇ. ಸೊನ್ನೆ ಬಂತೆಂದು ಹೆಜ್ಜೆಯನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಸೊನ್ನೆಯೂ ಒಂದು ಅಂಕಿಯೇ. ಒಂದು ಕಟ್ಟನ್ನೂ ದಾಟಲಿಲ್ಲ, ಆದ್ದರಿಂದ ಪಟ್ಟಿಯ ಮೊದಲನೆಯದಾದ 1 ನಮ್ಮದು ಎಂದು ಅದರ ಅರ್ಥ. ಶೇಷ 119 ಹಾಗೇ ಉಳಿಯುತ್ತದೆ. ಮುಂದೆ 2 3 4 6 7. ಕಟ್ಟು 24, ಭಾಗಲಬ್ಧ 4, ಶೇಷ 23. ನಾಲ್ಕನ್ನು ದಾಟಿದರೆ ಸಿಗುವುದು 7. ಆಮೇಲೆ 2 3 4 6; ಕಟ್ಟು 6, ಭಾಗಲಬ್ಧ 3, ಶೇಷ 5, ಸಿಕ್ಕಿದ್ದು 6. 2 3 4ರಲ್ಲಿ ಕಟ್ಟು 2, ಭಾಗಲಬ್ಧ 2, ಶೇಷ 1, ಸಿಕ್ಕಿದ್ದು 4. 2 3ರಲ್ಲಿ ಭಾಗಲಬ್ಧ 1, ಸಿಕ್ಕಿದ್ದು 3. ಕೊನೆಗೆ ಉಳಿದದ್ದು 2. ಉತ್ತರ 5176432.

ಭಾಗಲಬ್ಧಗಳನ್ನು ಸಾಲಾಗಿ ಬರೆದರೆ 4 0 4 3 2 1 0. 2999ನ್ನು ಫ್ಯಾಕ್ಟೋರಿಯಲ್ ಪದ್ಧತಿಯಲ್ಲಿ ಬರೆಯುವುದು ಹೀಗೆ. ದಶಮಾನದಲ್ಲಿ ಸ್ಥಾನಬೆಲೆಗಳು 1, 10, 100 ಎಂದು ಏರುತ್ತವೆ. ಇಲ್ಲಿ ಬಲದಿಂದ ಎಡಕ್ಕೆ 0!, 1!, 2!, 3! ಎಂದು ಏರುತ್ತವೆ. ಪ್ರತಿ ಸ್ಥಾನದಲ್ಲಿ ಬರಬಹುದಾದ ಅತಿ ದೊಡ್ಡ ಅಂಕಿಯೂ ಬೇರೆ ಬೇರೆ: ಬಲತುದಿಯಲ್ಲಿ 0 ಮಾತ್ರ, ಅದರ ಎಡಕ್ಕೆ 1ರವರೆಗೆ, ಮುಂದೆ 2ರವರೆಗೆ. ಪಟ್ಟಿಯಲ್ಲಿ ಮೂರು ಅಂಶ ಉಳಿದಿದ್ದರೆ 0, 1, 2 ಇವಿಷ್ಟೇ ಆಯ್ಕೆ ತಾನೇ? ಅದಕ್ಕೇ ಈ ಪದ್ಧತಿ ಕ್ರಮಯೋಜನೆಗೆ ಇಷ್ಟು ಸರಿಯಾಗಿ ಹೊಂದುತ್ತದೆ. ನಮ್ಮ ಉದಾಹರಣೆಯ ಬಾಲ 4 3 2 1 0 ಎಂಬುದು ದಶಮಾನದ 99999 ಇದ್ದಂತೆ, ಎಲ್ಲ ಸ್ಥಾನಗಳೂ ತುಂಬಿವೆ. ಇನ್ನೊಂದು ಕೂಡಿಸಿದರೆ ಎಲ್ಲ ಸೊನ್ನೆಯಾಗಿ ದಶಕ ಮುಂದಕ್ಕೆ ಹೋಗುತ್ತದೆ.

3000 ಎಂಬ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದು ಇದಕ್ಕಾಗಿ. ಒಂದನ್ನು ಕಳೆಯುವುದನ್ನು ಮರೆತು 3000ನ್ನೇ ಭಾಗಿಸಿ ನೋಡಿ: 720ರಿಂದ 4, ಶೇಷ 120, 120ರಿಂದ 1, ಶೇಷ 0, ಉಳಿದದ್ದೆಲ್ಲ ಸೊನ್ನೆ. ಬರುವ ಉತ್ತರ 5213467. ಇದು 5176432ರ ಪಕ್ಕದ ಸಾಲೇ, ಆದರೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದೆ. ಹೀಗಾಗಿ ತಪ್ಪು ಒಂದೇ ಸಾಲಿನದು ಎಂದು ಹೊಳೆಯದೆ ಲೆಕ್ಕವನ್ನೆಲ್ಲ ಕೆದಕುತ್ತಾ ಕೂರಬೇಕಾಗುತ್ತದೆ. ಇದೇ ತಪ್ಪಿನ ಪ್ರೋಗ್ರಾಂ ಕೊನೆಯ ಸಾಲಾದ 5040ನ್ನು ಕೇಳಿದಾಗ ಮಾತ್ರ ಮುಗ್ಗರಿಸುತ್ತದೆ. 5040ನ್ನು 720ರಿಂದ ಭಾಗಿಸಿದರೆ 7, ಏಳು ಅಂಶಗಳ ಪಟ್ಟಿಯಲ್ಲಿ 7ನೇ ಸೂಚ್ಯಂಕವೇ ಇಲ್ಲ. ಉಳಿದ 5039 ಸಲವೂ ಅದು ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಿರುತ್ತದೆ.

ಮೇಲಿನಿಂದ ಕೆಳಗೆ ಭಾಗಿಸುವುದು ವಿವರಿಸಲು ಚೆನ್ನ, ಆದರೆ ಪ್ರೋಗ್ರಾಂ ಬರೆಯುವಾಗ ನಾನು ಹಾಗೆ ಮಾಡುವುದಿಲ್ಲ. ಫ್ಯಾಕ್ಟೋರಿಯಲ್‌ಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕಾಗುತ್ತದೆ, ಅವು ಬೇಗ ಕೈಮೀರುತ್ತವೆ. 32 ಬಿಟ್‌ನ `int` ಒಳಗೆ 12! ಹಿಡಿಯುತ್ತದೆ, 13! ಹಿಡಿಯುವುದಿಲ್ಲ, 64 ಬಿಟ್‌ನಲ್ಲಿ 20! ಕೊನೆ. ಕೆಳಗಿನಿಂದ ಭಾಗಿಸಿದರೆ ಫ್ಯಾಕ್ಟೋರಿಯಲ್‌ಗಳೇ ಬೇಡ. 2999ನ್ನು 1ರಿಂದ ಭಾಗಿಸಿದರೆ ಶೇಷ 0. ಭಾಗಲಬ್ಧ 2999ನ್ನು 2ರಿಂದ ಭಾಗಿಸಿದರೆ 1499, ಶೇಷ 1. ಅದನ್ನು 3ರಿಂದ: 499, ಶೇಷ 2. 4ರಿಂದ: 124, ಶೇಷ 3. 5ರಿಂದ: 24, ಶೇಷ 4. 6ರಿಂದ: 4, ಶೇಷ 0. 7ರಿಂದ: 0, ಶೇಷ 4. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ: 4 0 4 3 2 1 0. ದಶಮಾನದ ಸಂಖ್ಯೆಯನ್ನು ದ್ವಿಮಾನಕ್ಕೆ ತಿರುಗಿಸುವಾಗ ಶಾಲೆಯಲ್ಲಿ ಮಾಡುವ ಲೆಕ್ಕವೇ ಇದು, ಭಾಜಕ ಮಾತ್ರ ಪ್ರತಿ ಹೆಜ್ಜೆಗೂ ಒಂದೊಂದು ಹೆಚ್ಚುತ್ತದೆ.

```python
def kth(items, k):
    a = sorted(items)
    k -= 1
    d = []
    for base in range(1, len(a) + 1):
        k, r = divmod(k, base)
        d.append(r)
    if k != 0:
        raise ValueError("k out of range")
    return [a.pop(i) for i in reversed(d)]
```

`kth(range(1, 8), 3000)` ಎಂದು ಕರೆದರೆ `[5, 1, 7, 6, 4, 3, 2]` ಬರುತ್ತದೆ. ಕೊನೆಯ ಭಾಗಲಬ್ಧ ಸೊನ್ನೆಯಾಗದಿದ್ದರೆ ಕೇಳಿದ ಸಾಲು ಪಟ್ಟಿಯಲ್ಲೇ ಇಲ್ಲ ಎಂದರ್ಥ, n! ಎಷ್ಟೆಂದು ಗೊತ್ತಿಲ್ಲದೆಯೂ ಮಿತಿಯ ಪರೀಕ್ಷೆ ಆಗಿಹೋಯಿತು. ಪೈಥಾನ್‌ನಲ್ಲಿ `k = 0` ಕೊಟ್ಟರೂ ಇದೇ ಪರೀಕ್ಷೆ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಋಣಸಂಖ್ಯೆಯ ಭಾಗಾಕಾರ ಕೆಳಕ್ಕೆ ಇಳಿಯುತ್ತದೆ, −1 ಎಷ್ಟು ಭಾಗಿಸಿದರೂ −1 ಆಗಿಯೇ ಉಳಿಯುತ್ತದೆ. ಸಿ ಅಥವಾ ಜಾವಾದಲ್ಲಿ −1ನ್ನು 2ರಿಂದ ಭಾಗಿಸಿದರೆ 0, ಶೇಷ −1. ಅಲ್ಲಿ ಈ ಪರೀಕ್ಷೆ ಮೋಸ ಹೋಗುತ್ತದೆ, ಸೂಚ್ಯಂಕ −1 ಆಗುತ್ತದೆ. ಆ ಭಾಷೆಗಳಲ್ಲಿ `k < 1` ಎಂಬುದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವವರಿಗೆ ಇನ್ನೆರಡು ಗುಂಡಿಗಳಿವೆ. ಬರೀ `sort()` ಎಂದರೆ ಅದು ಸಂಖ್ಯೆಗಳನ್ನು ಅಕ್ಷರಗಳಂತೆ ಹೋಲಿಸಿ 1, 10, 11, 2 ಎಂದು ಜೋಡಿಸುತ್ತದೆ. 9 ಅಂಶಗಳವರೆಗೆ ಎಲ್ಲ ಸರಿಯಿದ್ದು ಹತ್ತಕ್ಕೆ ಬಂದಾಗ ಉತ್ತರ ಕೆಟ್ಟರೆ ಮೊದಲು ಇಲ್ಲೇ ನೋಡಿ. ಇನ್ನೊಂದು, ಸಾಮಾನ್ಯ ಸಂಖ್ಯೆ 2^53ರವರೆಗೆ ಮಾತ್ರ ನಿಖರ. 18! ಅದರೊಳಗಿದೆ, 19! ದಾಟುತ್ತದೆ. ಅದಕ್ಕಿಂತ ದೊಡ್ಡ k ಬೇಕಿದ್ದರೆ `BigInt` ಬಳಸದೆ ವಿಧಿಯಿಲ್ಲ.

ಅಂಶವನ್ನು ಪಟ್ಟಿಯಿಂದ ತೆಗೆಯುವ ರೀತಿಯಲ್ಲೂ ಜಾಣತನ ತೋರಿಸಲು ಹೋಗಬಾರದು. ನಡುವಿನ ಅಂಶ ತೆಗೆದರೆ ಹಿಂದಿನವೆಲ್ಲ ಒಂದೊಂದು ಜಾಗ ಸರಿಯಬೇಕು, ಅದು ದುಬಾರಿ ಎಂದು ಕೊನೆಯ ಅಂಶವನ್ನು ಖಾಲಿ ಜಾಗಕ್ಕೆ ತಂದು ಕೂರಿಸುವ ಉಪಾಯ ಉಂಟಲ್ಲ, ಅದು ಇಲ್ಲಿ ನಡೆಯದು. 5ನ್ನು ತೆಗೆದ ಜಾಗಕ್ಕೆ 7 ಬಂದರೆ ಪಟ್ಟಿ 1 2 3 4 7 6 ಆಗುತ್ತದೆ. ನಮ್ಮ ಲೆಕ್ಕ ನಿಂತಿರುವುದೇ ಉಳಿದವು ಏರಿಕೆಯಲ್ಲಿವೆ ಎಂಬುದರ ಮೇಲೆ. ಹೀಗೆ ಮಾಡಿದರೂ ಪ್ರತಿ kಗೂ ಒಂದು ಬೇರೆಯೇ ಕ್ರಮಯೋಜನೆ ಬರುತ್ತದೆ, ಒಂದೂ ಮರುಕಳಿಸುವುದಿಲ್ಲ, ಸಾಲು ಮಾತ್ರ ಅದಲುಬದಲು. ಎಲ್ಲವೂ ಬಂದಿವೆಯೇ ಎಂದಷ್ಟೇ ಪರೀಕ್ಷಿಸಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ.

ಅಂಶಗಳು ಲಕ್ಷಗಟ್ಟಲೆ ಇದ್ದರೆ? k 64 ಬಿಟ್‌ನೊಳಗಿದ್ದರೆ ಹೆದರಬೇಕಿಲ್ಲ. 21! ಅದಕ್ಕಿಂತ ದೊಡ್ಡದು, ಆದ್ದರಿಂದ ಕೊನೆಯ 21 ಸ್ಥಾನಗಳನ್ನು ಬಿಟ್ಟು ಎಡಗಡೆಯ ಅಂಕಿಗಳೆಲ್ಲ ಸೊನ್ನೆ. ಅಂದರೆ ಆ ಅಂಶಗಳು ಇದ್ದಲ್ಲೇ ಇರುತ್ತವೆ. ಅವನ್ನು ಹಾಗೇ ನಕಲು ಮಾಡಿ, ಕೊನೆಯ 21ರ ಮೇಲೆ ಮಾತ್ರ ಮೇಲಿನ ಲೆಕ್ಕ ನಡೆಸುತ್ತೇನೆ. k ಕೂಡ n!ನಷ್ಟು ದೊಡ್ಡದಾಗಿ ಎಲ್ಲ ಅಂಕಿಗಳೂ ತುಂಬಿರುವಾಗ ಮಾತ್ರ, ಉಳಿದವುಗಳಲ್ಲಿ ಇಷ್ಟನೆಯದು ಯಾವುದು ಎಂದು ಬೇಗ ಹುಡುಕಲು ಫೆನ್ವಿಕ್ ಟ್ರೀ ಕಟ್ಟುವ ಶ್ರಮಕ್ಕೆ ಬೆಲೆ.

ಉತ್ತರ ಸರಿಯೇ ಎಂದು ನೋಡಲು ತಿರುಗುಲೆಕ್ಕ ಮಾಡುತ್ತೇನೆ. 5176432ರಲ್ಲಿ ಪ್ರತಿ ಅಂಕಿಗೂ ಅದರ ಬಲಕ್ಕಿರುವ ಚಿಕ್ಕ ಅಂಕಿಗಳೆಷ್ಟು ಎಂದು ಎಣಿಸಿ. 5ರ ಬಲಕ್ಕೆ 1, 4, 3, 2 ಇವೆ, ನಾಲ್ಕು. 1ಕ್ಕೆ ಸೊನ್ನೆ. 7ಕ್ಕೆ ನಾಲ್ಕು, 6ಕ್ಕೆ ಮೂರು, 4ಕ್ಕೆ ಎರಡು, 3ಕ್ಕೆ ಒಂದು, 2ಕ್ಕೆ ಸೊನ್ನೆ. ಅದೇ 4 0 4 3 2 1 0. ಸ್ಥಾನಬೆಲೆಯಿಂದ ಗುಣಿಸಿ ಕೂಡಿದರೆ 2880 + 0 + 96 + 18 + 4 + 1 = 2999, ಒಂದು ಸೇರಿಸಿದರೆ 3000. ಆದರೆ ಇದೊಂದನ್ನೇ ನಂಬಬೇಡಿ: ಹೋಗುವಾಗ ಒಂದನ್ನು ಕಳೆಯಲು ಮರೆತು ಬರುವಾಗ ಕೂಡಿಸಲೂ ಮರೆತರೆ ಎರಡು ತಪ್ಪೂ ಸೇರಿ ಸರಿಹೋದಂತೆ ಕಾಣುತ್ತದೆ. ಆದ್ದರಿಂದ ಆರು ಅಂಶಗಳಿಗೆ ಪೂರ್ತಿ 720 ಸಾಲುಗಳನ್ನೂ `itertools.permutations(range(1, 7))` ಕೊಡುವ ಸಾಲಿನ ಜೊತೆ ಒಂದೊಂದಾಗಿ ಹೋಲಿಸುತ್ತೇನೆ. ಅದು ಏರಿಕೆಯ ಕ್ರಮದಲ್ಲೇ ಕೊಡುತ್ತದೆ.

ಛಂದಸ್ಸು, ಸಂಗೀತ ಓದಿದವರಿಗೆ ಈ ಎರಡು ಲೆಕ್ಕಗಳ ಹೆಸರು ಹೊಸದಲ್ಲ: ಸಾಲಿನ ಸಂಖ್ಯೆಯಿಂದ ರೂಪ ಹುಡುಕುವುದು ನಷ್ಟ, ರೂಪದಿಂದ ಸಾಲಿನ ಸಂಖ್ಯೆ ಹುಡುಕುವುದು ಉದ್ದಿಷ್ಟ. 13ನೇ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳ 5040 ತಾನಗಳಿಗೆ ಖಂಡಮೇರು ಎಂಬ ಕೋಷ್ಟಕ ಹಾಕಿ ಇವೆರಡನ್ನೂ ಮಾಡುತ್ತಾನೆ, ಅದರ ಮನೆಗಳಲ್ಲಿರುವುದು ಫ್ಯಾಕ್ಟೋರಿಯಲ್‌ಗಳ ಗುಣಕಗಳೇ. ಅವನ ಪ್ರಸ್ತಾರದಲ್ಲಿ ಎಡಗಡೆಯ ಸ್ವರಗಳು ಮೊದಲು ಬದಲಾಗುತ್ತವೆ, ಬಲತುದಿಯದು ಎಲ್ಲಕ್ಕಿಂತ ನಿಧಾನ. ಹಾಗಾಗಿ ಮೇಲಿನ ಉತ್ತರವನ್ನು ಅವನ 3000ನೇ ತಾನಕ್ಕೆ ಹೊಂದಿಸಲು ಹೋದರೆ ತಾಳೆಯಾಗುವುದಿಲ್ಲ.

ಒಂದೇ ಅಂಕಿ ಎರಡು ಸಲ ಇದ್ದರೆ ಈ ವಿಧಾನ ಕೈಕೊಡುತ್ತದೆ. 1, 1, 2ರಿಂದ ಆಗುವುದು ಮೂರೇ: 112, 121, 211. ಮೇಲಿನ ಪ್ರೋಗ್ರಾಂಗೆ ಮೂರನೆಯದನ್ನು ಕೇಳಿದರೆ ಅಂಕಿಗಳು 1 0 0 ಬಂದು ಮತ್ತೆ 112 ಎನ್ನುತ್ತದೆ, ಅದರ ಕಣ್ಣಿಗೆ ಎರಡು 1ಗಳೂ ಬೇರೆ ಬೇರೆ. ಅಲ್ಲಿ ಎಲ್ಲ ಕಟ್ಟುಗಳೂ ಒಂದೇ ಗಾತ್ರದವಲ್ಲ, 1ರಿಂದ ಶುರುವಾಗುವವು ಎರಡು, 2ರಿಂದ ಶುರುವಾಗುವುದು ಒಂದು. ಆದ್ದರಿಂದ ಒಂದೇ ಭಾಗಾಕಾರದಲ್ಲಿ ಮುಗಿಯುವುದಿಲ್ಲ. ಪ್ರತಿ ಸ್ಥಾನದಲ್ಲೂ ಬೇರೆಬೇರೆ ಅಂಕಿಗಳನ್ನು ಏರಿಕೆಯಲ್ಲಿ ಒಂದೊಂದಾಗಿ ಇಟ್ಟು ನೋಡಿ, ಉಳಿದವುಗಳ ಫ್ಯಾಕ್ಟೋರಿಯಲ್ಲನ್ನು ಮರುಕಳಿಸುವ ಅಂಕಿಗಳ ಫ್ಯಾಕ್ಟೋರಿಯಲ್‌ಗಳಿಂದ ಭಾಗಿಸಿ ಆ ಕಟ್ಟಿನ ಗಾತ್ರ ಕಂಡುಕೊಂಡು, ದಾಟಬೇಕಾದ ಸಾಲುಗಳು ಅದಕ್ಕಿಂತ ಕಡಿಮೆಯಾಗುವವರೆಗೆ ಕಳೆಯುತ್ತಾ ಹೋಗಬೇಕು. ಮೂರನೆಯದಕ್ಕೆ ದಾಟಬೇಕಾದ್ದು 2. 1ರ ಕಟ್ಟಿನ 2 ಕಳೆದರೆ 0, ಮುಂದಿನ ಅಂಕಿ 2, ಉಳಿದದ್ದು 11.