ವಾರ್ಮಪ್ ಮಾಡಿದ್ರೆ ಓಟ ಚುರುಕಾಗುತ್ತದಾ? ಒಂದು ಪುಟದ ಪ್ರಾಜೆಕ್ಟ್ ಬರೆದ ಅನುಭವ

ಕುಂಬಳೆ ಕಡೆಯ ನಮ್ಮ ಶಾಲೆಯಲ್ಲಿ ಪ್ಲಸ್ ಟು ಮಕ್ಕಳು ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ ‘ಓಟದ ಮೇಲೆ ವಾರ್ಮಪ್‌ನ ಪರಿಣಾಮ’. ಯಾವ ವಾರ್ಮಪ್, ಎಷ್ಟು ದೂರದ ಓಟ, ಯಾವುದಕ್ಕೆ ಹೋಲಿಸುವುದು ಎಂಬುದೇ ಅದರಲ್ಲಿರಲಿಲ್ಲ. ಆದ್ದರಿಂದ ಒಂದೇ ಪುಟದಲ್ಲಿ ಯೋಜನೆಯ ವಿವರ ನಾನೇ ಬರೆದುಕೊಟ್ಟೆ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿದೆ: ‘ಐದು ನಿಮಿಷದ ನಿಧಾನ ಓಟದ ನಂತರ ಕಾಲು ಬೀಸುವುದು, ಮೊಣಕಾಲು ಎತ್ತಿ ಓಡುವುದು, ಎರಡು ಸಲ ವೇಗ ಏರಿಸುತ್ತಾ ಓಡುವುದು, ಇಷ್ಟನ್ನು ಸೇರಿಸಿದರೆ 30 ಮೀಟರ್ ಓಟದ ಸಮಯ ಕಡಿಮೆಯಾಗುತ್ತದೆಯೇ?’ ಒಬ್ಬೊಬ್ಬರೂ ಎರಡು ದಿನ ಓಡಬೇಕು, ಒಂದು ದಿನ ಬರೀ ನಿಧಾನ ಓಟದ ನಂತರ, ಇನ್ನೊಂದು ದಿನ ಪೂರ್ತಿ ವಾರ್ಮಪ್‌ನ ನಂತರ. ಅಂದರೆ ಎರಡೂ ದಿನ ನಿಧಾನ ಓಟ ಇದ್ದೇ ಇದೆ. “ಒಂದು ದಿನ ಏನೂ ಮಾಡದೆ ಓಡಿದ್ರೆ ವ್ಯತ್ಯಾಸ ಚೆನ್ನಾಗಿ ಕಾಣ್ತದಲ್ವಾ ಮಾಷ್ಟ್ರೇ?” ಎಂದು ಒಬ್ಬ ಹುಡುಗ ಕೇಳಿದ. ಕಾಣಬಹುದು, ಆದರೆ ತಣ್ಣಗಿನ ಮೈಯಲ್ಲಿ ಪೂರ್ತಿ ವೇಗದಲ್ಲಿ ಓಡಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುವ ಅಪಾಯ ಜಾಸ್ತಿ. ಪ್ರಾಜೆಕ್ಟಿಗೋಸ್ಕರ ಯಾರ ಕಾಲನ್ನೂ ಪಣಕ್ಕಿಡಲು ನಾನು ತಯಾರಿಲ್ಲ. ಉಬ್ಬಸ ಇರುವವರು, ಇತ್ತೀಚೆಗೆ ಕಾಲು ನೋಯಿಸಿಕೊಂಡವರು ಓಡುವಂತಿಲ್ಲ, ಉಳಿದವರು ಮನೆಯಿಂದ ಒಪ್ಪಿಗೆ ಚೀಟಿ ತರಬೇಕು ಎಂದೂ ಬರೆದೆ.

ಆಮೇಲೆ ಅಳತೆ. ನನ್ನ ತಲೆ ಜಾಸ್ತಿ ಕೆಲಸ ಮಾಡಿದ್ದು ಇಲ್ಲೇ. ಈ ವಯಸ್ಸಿನ ಮಕ್ಕಳಿಗೆ 30 ಮೀಟರ್ ಅಂದ್ರೆ ಐದು ಸೆಕೆಂಡಿನ ಆಸುಪಾಸು. ವಾರ್ಮಪ್‌ನಿಂದ ಏನಾದರೂ ಲಾಭವಾದರೂ ಅದು ಸೆಕೆಂಡಿನ ಸಣ್ಣ ಚೂರು. ಸ್ಟಾಪ್‌ವಾಚ್ ಒತ್ತುವ ಬೆರಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಒತ್ತುತ್ತದೆ. ಆ ಏರುಪೇರೇ ನಾವು ಹುಡುಕುವ ವ್ಯತ್ಯಾಸದಷ್ಟು ದೊಡ್ಡದಿರುತ್ತದೆ. ಹಾಗಾಗಿ ಸ್ಟಾಪ್‌ವಾಚ್ ಬೇಡ, ಮೊಬೈಲಿನ ಸ್ಲೋ ಮೋಷನ್ ವೀಡಿಯೋ ಎಂದು ಬರೆದೆ.

ಆರಂಭದಲ್ಲೂ ಕೊನೆಯಲ್ಲೂ ಒಂದೊಂದು ಅಡಿಕೆ ಸಲಾಕೆ ನೆಡಬೇಕು. ಟ್ರ್ಯಾಕಿನ ನಡುಭಾಗಕ್ಕೆ ನೇರವಾಗಿ, ಬದಿಯಲ್ಲಿ ಮೊಬೈಲನ್ನು ಸ್ಟ್ಯಾಂಡಿನ ಮೇಲಿಟ್ಟು, ಓಡುವವನ ಜೊತೆ ತಿರುಗಿಸಬೇಕು. ಓಡುವವನು ಒಂದು ಕೈಯನ್ನು ನೆಲಕ್ಕೆ ಊರಿ ನಿಂತು ತನಗೆ ಬೇಕಾದಾಗ ಹೊರಡಲಿ. ವಿಸಿಲ್ ಊದಿದರೆ ಅದನ್ನು ಕೇಳಿ ಹೊರಡಲು ತಗಲುವ ಹೊತ್ತೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೈ ನೆಲ ಬಿಟ್ಟ ಫ್ರೇಮಿನಿಂದ ಸೊಂಟ ಕೊನೆಯ ಸಲಾಕೆ ದಾಟಿದ ಫ್ರೇಮಿನವರೆಗೆ ಎಣಿಸಬೇಕು. ಸೆಕೆಂಡಿಗೆ 120 ಫ್ರೇಮ್ ಹಿಡಿಯುವ ಮೊಬೈಲಿನಲ್ಲಿ 582 ಫ್ರೇಮ್ ಬಂದರೆ 582 ÷ 120 = 4.85 ಸೆಕೆಂಡು. ವೀಡಿಯೋದ ಕೆಳಗೆ ಕಾಣುವ ಸಮಯ ನಿಧಾನಗೊಳಿಸಿದ್ದು, ಅದನ್ನು ನಂಬಬಾರದು.

ಮೊಬೈಲು ನಡುವೆ ಇರುವುದರಿಂದ ಕೊನೆಯ ಸಲಾಕೆಯನ್ನು ಓರೆಯಾಗಿ ನೋಡಿದಂತಾಗುತ್ತದೆ. ಹಾಗಾಗಿ ನಿಜವಾದ 30 ಮೀಟರಿಗೂ ನಮ್ಮ ಅಳತೆಗೂ ಸ್ವಲ್ಪ ಅಂತರ ಬರುತ್ತದೆ. ನಮಗೆ ಬೇಕಾದದ್ದು ಎರಡು ದಿನಗಳ ನಡುವಿನ ವ್ಯತ್ಯಾಸ ಮಾತ್ರ. ಸ್ಟ್ಯಾಂಡಿನ ಕಾಲು, ಸಲಾಕೆ, ಓಟದ ಸಾಲು ಎರಡೂ ದಿನ ಅದೇ ಜಾಗದಲ್ಲಿದ್ದರೆ ತಪ್ಪೂ ಅಷ್ಟೇ ಇರುತ್ತದೆ, ಕಳೆಯುವಾಗ ಹೊರಟುಹೋಗುತ್ತದೆ. ನಮ್ಮದು ಮುರ ಮಣ್ಣಿನ ಮೈದಾನ. ಗುರುತಿಗೆ ಸುಣ್ಣ ಹಾಕಿದರೆ ಒಂದು ಮಳೆಗೆ ಕೊಚ್ಚಿಹೋಗುತ್ತದೆ, ಅದಕ್ಕೇ ಗೂಟ ಹೊಡೆಯಿರಿ ಎಂದೆ. ಒಂದು ದಿನ ನೆಲ ಒದ್ದೆಯಿದ್ದು ಇನ್ನೊಂದು ದಿನ ಒಣಗಿದ್ದರೆ ಆ ಲೆಕ್ಕ ನಡೆಯದು. ಗಂಟೆಯೂ ಒಂದೇ ಇರಬೇಕು, ಬೆಳಿಗ್ಗೆಗಿಂತ ಸಂಜೆ ಮೈ ತಾನಾಗಿಯೇ ಬಿಸಿಯಾಗಿರುತ್ತದೆ.

ಹನ್ನೆರಡು ಮಂದಿಯಲ್ಲಿ ಆರು ಜನರಿಗೆ ಮೊದಲ ದಿನ ಪೂರ್ತಿ ವಾರ್ಮಪ್, ಉಳಿದ ಆರು ಮಂದಿಗೆ ಬರೀ ನಿಧಾನ ಓಟ. ಎರಡು ದಿನ ಬಿಟ್ಟು ಅದಲು ಬದಲು. ಯಾರು ಯಾವ ಗುಂಪಿಗೆ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಎಲ್ಲರೂ ಬರೀ ನಿಧಾನ ಓಟದಿಂದಲೇ ಶುರುಮಾಡಿದರೆ, ಎರಡನೇ ದಿನ ಸುಧಾರಿಸಿದ್ದು ವಾರ್ಮಪ್‌ನಿಂದಲೋ ಅಭ್ಯಾಸದಿಂದಲೋ ಎಂದು ಹೇಳಲಾಗದು. ತಯಾರಿ ಮುಗಿದ ಮೂರು ನಿಮಿಷಕ್ಕೆ ಮೊದಲ ಓಟ, ಮತ್ತೆ ಮೂರು ನಿಮಿಷ ಬಿಟ್ಟು ಎರಡನೆಯದು.

ಎರಡೆರಡು ಓಟ ಯಾಕೆ ಎಂಬುದಕ್ಕೆ ಪುಟದಲ್ಲೇ ಒಂದು ಕಾಲ್ಪನಿಕ ಲೆಕ್ಕ ಕೊಟ್ಟೆ. ಬರೀ ನಿಧಾನ ಓಟದ ದಿನ 4.85 ಮತ್ತು 4.91, ಸರಾಸರಿ 4.88. ಪೂರ್ತಿ ವಾರ್ಮಪ್ ದಿನ 4.82 ಮತ್ತು 4.86, ಸರಾಸರಿ 4.84. ಲಾಭ 0.04 ಸೆಕೆಂಡು. ಆದರೆ ಒಂದೇ ದಿನದ ಎರಡು ಓಟಗಳ ನಡುವೆಯೇ 0.06 ಅಂತರವಿದೆ. ಹಾಗಾಗಿ ಈ ಒಬ್ಬನನ್ನು ನೋಡಿ ಏನೂ ಹೇಳುವಂತಿಲ್ಲ. ಹನ್ನೆರಡರಲ್ಲಿ ಹತ್ತು ಜನರಿಗೆ ಲಾಭ ಒಂದೇ ದಿಕ್ಕಿನಲ್ಲಿ ಬಂದರೆ ಮಾತು ಬೇರೆ. ಅದಕ್ಕೇ ಒಬ್ಬೊಬ್ಬರ ವ್ಯತ್ಯಾಸವನ್ನೂ ಗ್ರಾಫಿನಲ್ಲಿ ಒಂದೊಂದು ಗೆರೆಯಾಗಿ ತೋರಿಸಿ, ಬರೀ ಒಟ್ಟು ಸರಾಸರಿ ಸಾಲದು ಎಂದು ಸೇರಿಸಿದೆ.

ಇಷ್ಟೆಲ್ಲ ಮಾಡಿದರೂ ಒಂದು ಸಂಗತಿ ಕೈಗೆ ಸಿಗದು. ತಾನು ಪೂರ್ತಿ ವಾರ್ಮಪ್ ಮಾಡಿದ್ದೇನೆ ಎಂದು ಓಡುವವನಿಗೆ ಗೊತ್ತಿರುತ್ತದೆ, ಆ ಹುರುಪಿಗೇ ಸ್ವಲ್ಪ ಜೋರಾಗಿ ಓಡಬಹುದು. ಇದನ್ನು ವರದಿಯಲ್ಲಿ ‘ಮಿತಿಗಳು’ ಎಂಬ ಭಾಗದಲ್ಲಿ ಬರೆಯಲೇಬೇಕು ಎಂದೆ.

“ವ್ಯತ್ಯಾಸ ಬಾರದಿದ್ರೆ ಮಾರ್ಕು ಕಡಿಮೆ ಆಗ್ತದಾ?” ಎಂದು ಕೇಳಿದವರಿಗಾಗಿ ಪುಟದ ಕೊನೆಗೆ ಮಾರ್ಕಿನ ಲೆಕ್ಕವನ್ನೂ ಹಾಕಿದೆ. ಯೋಜನೆ ಮತ್ತು ಅಳತೆಗೆ ಅರ್ಧ, ಲೆಕ್ಕ, ಗ್ರಾಫ್ ಮತ್ತು ಮಿತಿಗಳಿಗೆ ಉಳಿದರ್ಧ. ಯಾರು ಎಷ್ಟು ಬೇಗ ಓಡಿದರು ಎಂಬುದಕ್ಕೆ ಸೊನ್ನೆ.