ಪಂಪು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು, ಕೇಳದೆ ಬಿಡಬಹುದಾದ ಪ್ರಶ್ನೆಗಳು

ಅಡಿಕೆ ತೋಟಗಳಿಗೆ ಪಂಪು, ಪೈಪು ಮತ್ತು ಹನಿ ನೀರಾವರಿಯ ಲೆಕ್ಕ ಹಾಕಿ ಅಂದಾಜು ಪಟ್ಟಿ ಬರೆದುಕೊಡುವುದು ನನ್ನ ಉದ್ಯೋಗ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಲಿನ ತೋಟಗಳೇ ಹೆಚ್ಚು. ಇಲ್ಲಿ ತೋಟವೆಂದರೆ ಸಾಮಾನ್ಯವಾಗಿ ಗುಡ್ಡದ ಇಳಿಜಾರು. ಕೆಳಗೆ ಕೆರೆ, ಮೇಲೆ ಟ್ಯಾಂಕಿ, ನಡುವೆ ಮರಗಳು. ಕೆಲಸ ಮಾಡಿಸುವ ಮಗ ಹಲವು ಬಾರಿ ಕೊಲ್ಲಿ ದೇಶದಲ್ಲಿರುತ್ತಾನೆ, ತೋಟವನ್ನು ಬಲ್ಲ ತಂದೆ ಊರಲ್ಲಿರುತ್ತಾರೆ. ಆದ್ದರಿಂದ ನನಗೆ ಬರುವ ಮಾಹಿತಿ ಎಂದೂ ಪೂರ್ಣವಾಗಿರುವುದಿಲ್ಲ. ಎಲ್ಲವನ್ನೂ ಕೇಳಿ ತಿಳಿದ ಮೇಲೆಯೇ ಲೆಕ್ಕ ಹಾಕುತ್ತೇನೆಂದರೆ ಬೇಸಿಗೆ ಮುಗಿದುಹೋಗುತ್ತದೆ. ಏನನ್ನೂ ಕೇಳದೆ ಹಾಕಿದರೆ ತಪ್ಪು ಪಂಪು ಬಂದು ಕೂರುತ್ತದೆ. ಯಾವುದನ್ನು ಊಹಿಸಿ ಮುಂದುವರಿಯಬೇಕು, ಯಾವುದಕ್ಕೆ ನಿಲ್ಲಬೇಕು ಎಂಬುದನ್ನು ನಾನು ತೀರ್ಮಾನಿಸುವ ಬಗೆಯನ್ನು ಒಂದು ತೋಟದ ಉದಾಹರಣೆಯ ಮೂಲಕ ಹೇಳುತ್ತೇನೆ.

ಆ ತೋಟದ ಬಗ್ಗೆ ಮಗ ಫೋನಿನಲ್ಲಿ ತಿಳಿಸಿದ್ದು ಇಷ್ಟು: ಅಡಿಕೆ ಸುಮಾರು ಐನೂರು ಮರ, ಕೆಳಗೆ ಕೆರೆ, ಗುಡ್ಡದ ಮೇಲೆ ಟ್ಯಾಂಕಿ, ಹೊಸದಾಗಿ ಹಾಕುವ ಪೈಪಿನ ದಾರಿ ಇನ್ನೂರು ಮೀಟರ್, ಎತ್ತರ ನೂರಿಪ್ಪತ್ತು ಅಡಿ. ಪಂಪು ಎಷ್ಟು ಎಚ್‌ಪಿಯದು ಬೇಕು, ಒಟ್ಟು ಎಷ್ಟು ಖರ್ಚು ಎಂಬುದಷ್ಟೇ ಅವನ ಪ್ರಶ್ನೆ.

ಇದರಲ್ಲಿ ಇಲ್ಲದ ಸಂಗತಿಗಳು ಬಹಳ. ಮರಗಳ ಅಂತರ ಗೊತ್ತಿಲ್ಲ, ಒಂದು ಮರಕ್ಕೆ ಎಷ್ಟು ನೀರು ಕೊಡುವ ಉದ್ದೇಶವೆಂದು ಗೊತ್ತಿಲ್ಲ, ಇನ್ನೂರು ಮೀಟರ್ ಅಳೆದದ್ದೋ ಕಣ್ಣಂದಾಜೋ ಗೊತ್ತಿಲ್ಲ, ಏಪ್ರಿಲ್‌ನಲ್ಲಿ ಕೆರೆಯ ನೀರು ಎಲ್ಲಿಗೆ ಇಳಿಯುತ್ತದೆಂದು ಗೊತ್ತಿಲ್ಲ, ವಿದ್ಯುತ್ತು ಸಿಂಗಲ್ ಫೇಸೋ ತ್ರೀ ಫೇಸೋ ಗೊತ್ತಿಲ್ಲ. ಇಂಥ ಪಟ್ಟಿಯನ್ನು ಹಾಗೆಯೇ ಮಗನಿಗೆ ಕಳುಹಿಸಿದರೆ ಅವನು ಅರ್ಧಕ್ಕೆ ಉತ್ತರಿಸುತ್ತಾನೆ, ಅದೂ ಊಹಿಸಿ. ಅವನ ಊಹೆಗಿಂತ ನನ್ನ ಊಹೆಯೇ ವಾಸಿ. ನನ್ನದನ್ನು ಊಹೆಯೆಂದು ಬರೆದಾದರೂ ಇಟ್ಟಿರುತ್ತೇನೆ.

ಹೀಗಾಗಿ ಕೇಳುವುದಕ್ಕೆ ಮೊದಲು ನಾನು ಪ್ರತಿಯೊಂದು ಸಂಗತಿಗೂ ಇರಬಹುದಾದ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಸಂಖ್ಯೆಯನ್ನು ಹಾಕಿ ಎರಡು ಸಲ ಲೆಕ್ಕ ಮಾಡುತ್ತೇನೆ. ಎರಡೂ ಸಲ ಕೊಳ್ಳಬೇಕಾದ ವಸ್ತು ಒಂದೇ ಆಗಿ ಬಂದರೆ ಆ ಸಂಗತಿಯನ್ನು ಊಹಿಸಿ ಮುಂದುವರಿಯುತ್ತೇನೆ. ಬೇರೆ ಬೇರೆ ವಸ್ತು ಬಂದರೆ ನಿಲ್ಲುತ್ತೇನೆ.

ನೀರಿನ ಪ್ರಮಾಣವನ್ನೇ ನೋಡಿ. ಕಾಸರಗೋಡಿನ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಅಡಿಕೆಗೆ 2.7 ಮೀಟರ್ ಅಂತರ, ಹನಿ ನೀರಾವರಿಯಲ್ಲಿ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ನೀರು. ಐನೂರು ಮರಕ್ಕೆ 20 ಲೀಟರಿನಂತೆ ದಿನಕ್ಕೆ 10,000 ಲೀಟರ್. ಗಂಟೆಗೆ 5,000 ಲೀಟರ್ ಎತ್ತುವ ಪಂಪಾದರೆ ಎರಡು ಗಂಟೆ ಸಾಕು. 16 ಲೀಟರ್ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸು. ಮರ ಐನೂರಲ್ಲ, ಐನೂರೈವತ್ತು ಎಂದಾದರೂ ಹನ್ನೆರಡು ನಿಮಿಷ ಹೆಚ್ಚು ಓಡಬೇಕು, ಅಷ್ಟೇ. ಪಂಪು ಬದಲಾಗುವುದಿಲ್ಲ. ಇದನ್ನು ಕೇಳುವ ಅಗತ್ಯವೇ ಇಲ್ಲ.

ಪೈಪಿನ ಉದ್ದವೂ ಹಾಗೆಯೇ. 63 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 58 ಮಿ.ಮೀ. ಎಂದು ಹಿಡಿದರೆ, ಗಂಟೆಗೆ 5,000 ಲೀಟರ್ ಹರಿಯುವಾಗ ಇನ್ನೂರು ಮೀಟರಿಗೆ ಘರ್ಷಣೆಯಿಂದ ಕಳೆದುಹೋಗುವ ಹೆಡ್, ಅಂದರೆ ಎತ್ತರದ ಲೆಕ್ಕದಲ್ಲಿ ಹೇಳುವ ಒತ್ತಡ, ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ದಾರಿ 260 ಮೀಟರ್ ಎಂದಾದರೂ ಏರುವುದು ಮೂವತ್ತು ಸೆಂಟಿಮೀಟರಿನಷ್ಟು. ಆದರೆ ಇಲ್ಲೊಂದು ಎಚ್ಚರಿಕೆ ಇದೆ. ಮನೆಯವರು ಹಳೆಯ 40 ಮಿ.ಮೀ. ಪೈಪನ್ನೇ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದರೆ ಅದೇ ಇನ್ನೂರು ಮೀಟರಿಗೆ ಘರ್ಷಣೆಯ ನಷ್ಟ ಹನ್ನೊಂದು ಮೀಟರಿನ ಹತ್ತಿರ ಬರುತ್ತದೆ. ಆಗ ಉದ್ದದಲ್ಲಿ ಆಗುವ ಪ್ರತಿ ಇಪ್ಪತ್ತು ಮೀಟರ್ ತಪ್ಪಿಗೂ ಒಂದು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬೀಳುತ್ತದೆ. ಹೊಸ 63 ಮಿ.ಮೀ. ಪೈಪಿನಲ್ಲಿ ಉದ್ದವನ್ನು ಧೈರ್ಯವಾಗಿ ಊಹಿಸಬಹುದು, ಹಳೆಯ 40 ಮಿ.ಮೀ. ಪೈಪಿನಲ್ಲಿ ಅಳೆಯದೆ ಮುಂದುವರಿಯಬಾರದು. ಯಾವ ಮಾಹಿತಿ ಮುಖ್ಯ ಎಂಬುದಕ್ಕೆ ಒಂದು ಶಾಶ್ವತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳುವುದರಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಇದೇ ಕಾರಣಕ್ಕೆ. ಈ ತೋಟದಲ್ಲಿ ಹೊಸ ಪೈಪೆಂದು ಮಗ ಹೇಳಿದ್ದರಿಂದ ಉದ್ದವನ್ನು ಇನ್ನೂರು ಎಂದೇ ಹಿಡಿದೆ.

ಎತ್ತರದ ಕಥೆ ಬೇರೆ. ನೂರಿಪ್ಪತ್ತು ಅಡಿ ಎಂದರೆ ಸುಮಾರು 36.6 ಮೀಟರ್. ಘರ್ಷಣೆ, ಬೆಂಡು, ವಾಲ್ವುಗಳಿಗೆಂದು ಮೂರು ಮೀಟರ್ ಸೇರಿಸಿದರೆ ಒಟ್ಟು ಹೆಡ್ ನಲವತ್ತು ಮೀಟರ್. ಪಂಪಿನ ದಕ್ಷತೆಯನ್ನು ಶೇಕಡಾ 40 ಎಂದು ಹಿಡಿದರೆ 1.8 ಎಚ್‌ಪಿಯಷ್ಟು ಶಕ್ತಿ ಬೇಕು, ಅಂದರೆ 2 ಎಚ್‌ಪಿ ಪಂಪು. ಇನ್ನೂರು ಮೀಟರ್ ದಾರಿಗೆ ಇಷ್ಟು ಏರು ನಮ್ಮ ಗುಡ್ಡಗಳಲ್ಲಿ ತೀರಾ ಸಹಜವಾದುದರಿಂದ ಸಂಖ್ಯೆಯನ್ನು ನೋಡಿದರೆ ಯಾವ ಅನುಮಾನವೂ ಮೂಡುವುದಿಲ್ಲ. ಆದರೂ ಕಣ್ಣಂದಾಜಿನ ಎತ್ತರದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ತಪ್ಪುವುದು ಸಾಮಾನ್ಯ. ನೂರು ಅಡಿ ಎಂದಾದರೆ ಲೆಕ್ಕಕ್ಕೆ ಒಂದೂವರೆ ಎಚ್‌ಪಿ ಬರುತ್ತದೆ. ನೂರ ಅರವತ್ತು ಅಡಿ ಎಂದಾದರೆ 52 ಮೀಟರ್ ಹೆಡ್, 3 ಎಚ್‌ಪಿ. ಒಂದೇ ಊಹೆಯ ಎರಡು ತುದಿಗಳಲ್ಲಿ ಬೇರೆ ಬೇರೆ ಪಂಪುಗಳು ನಿಂತಿವೆ. ಇಲ್ಲಿ ನಿಲ್ಲಲೇಬೇಕು.

ಅಂಥ ಕಡೆ ದೊಡ್ಡದನ್ನೇ ಹಾಕಿಬಿಡಿ, ಸುರಕ್ಷಿತ ಎಂದು ಹೇಳುವವರಿದ್ದಾರೆ. ಪೈಪಿನ ವಿಷಯದಲ್ಲಿ ಆ ಮಾತನ್ನು ನಾನೂ ಒಪ್ಪುತ್ತೇನೆ. ಚದರ ಸೆಂಟಿಮೀಟರಿಗೆ 6 ಕೆ.ಜಿ. ಒತ್ತಡ ತಾಳುವ ಪೈಪು ಸಾಕೋ ಸಾಲದೋ ಎಂಬ ಅನುಮಾನ ಬಂದರೆ ಕೆರೆಯ ಕಡೆಯ ಕೆಳಭಾಗಕ್ಕೆ 10 ಕೆ.ಜಿ. ಪೈಪು ಬರೆಯುತ್ತೇನೆ, ಅದು ಅನಗತ್ಯವೆಂದು ಆಮೇಲೆ ತಿಳಿದರೂ ಹೋಗುವುದು ಸ್ವಲ್ಪ ಹಣ ಮಾತ್ರ, ಮುರಕಲ್ಲು ಕಡಿದು ಹೂತ ಪೈಪನ್ನು ಮತ್ತೆ ಅಗೆಯುವ ಪ್ರಸಂಗ ಬರುವುದಿಲ್ಲ. ಪಂಪಿನ ವಿಷಯದಲ್ಲಿ ಹಾಗಲ್ಲ. ಹೆಚ್ಚಿನ ಹೆಡ್‌ಗೆಂದು ಮಾಡಿದ ಸೆಂಟ್ರಿಫ್ಯೂಗಲ್ ಪಂಪನ್ನು ಕಡಿಮೆ ಹೆಡ್‌ನಲ್ಲಿ ಓಡಿಸಿದರೆ ಅದು ಹೆಚ್ಚು ನೀರನ್ನು ತಳ್ಳುತ್ತದೆ, ಮೋಟಾರಿನ ಮೇಲೆ ಹೊರೆ ಏರುತ್ತದೆ, ಆಂಪಿಯರ್ ಹೆಚ್ಚಾಗಿ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಬೇಸಿಗೆಯ ಕೆರೆಯಾದರೆ ನೀರು ಬೇಗ ಕೆಳಗಿಳಿದು ಪಂಪು ಗಾಳಿ ಎಳೆಯುವುದೂ ಉಂಟು. ವಾಲ್ವನ್ನು ಅರ್ಧ ಮುಚ್ಚಿ ಓಡಿಸಬಹುದು ನಿಜ, ಆದರೆ ಆ ವಾಲ್ವನ್ನು ಯಾರೋ ಒಬ್ಬರು ಒಂದು ದಿನ ಪೂರ್ತಿ ತೆರೆಯದೆ ಇರುವುದಿಲ್ಲ.

ಕೆರೆಯ ನೀರಿನ ಮಟ್ಟಕ್ಕೂ ನಿಲ್ಲಬೇಕಾಯಿತು. ಮಗನ ಮನಸ್ಸಿನಲ್ಲಿದ್ದದ್ದು ದಡದ ಮೇಲೆ ಕೂರಿಸುವ ಮೊನೋಬ್ಲಾಕ್ ಪಂಪು. ಅದು ನೀರನ್ನು ತನ್ನ ಶಕ್ತಿಗೆ ತಕ್ಕಷ್ಟು ಎತ್ತರಕ್ಕೆ ತಳ್ಳಬಹುದು, ಆದರೆ ಕೆಳಗಿನಿಂದ ಎಳೆದುಕೊಳ್ಳುವುದಕ್ಕೆ ಮಿತಿಯಿದೆ. ವ್ಯವಹಾರದಲ್ಲಿ ಆರು ಮೀಟರಿನ ಆಚೆ ನಂಬುವಂತಿಲ್ಲ. ಡಿಸೆಂಬರಿನಲ್ಲಿ ದಡದಿಂದ ಒಂದು ಮೀಟರ್ ಕೆಳಗಿರುವ ನೀರು ಏಪ್ರಿಲ್‌ನಲ್ಲಿ ಎಲ್ಲಿರುತ್ತದೆಂಬುದರ ಮೇಲೆ ಪಂಪಿನ ಜಾತಿಯೇ ಬದಲಾಗುತ್ತದೆ.

ಯಾರನ್ನು ಕೇಳಬೇಕು ಎಂಬುದು ಏನನ್ನು ಕೇಳಬೇಕು ಎಂಬಷ್ಟೇ ಯೋಚಿಸಬೇಕಾದ ಸಂಗತಿ. ಮಗನಿಗೆ ಮತ್ತೆ ಫೋನು ಮಾಡಿದರೆ ಅದೇ ನೂರಿಪ್ಪತ್ತು ಅಡಿ ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತಿತ್ತು. ಆದ್ದರಿಂದ ಅವನ ಒಪ್ಪಿಗೆ ಪಡೆದು ತಂದೆಯವರನ್ನೇ ಸಂಪರ್ಕಿಸಿದೆ. ಅವರಲ್ಲಿ ಹೆಡ್ ಎಷ್ಟು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎತ್ತರ ಎಷ್ಟು ಎಂದರೂ ಇನ್ನೊಂದು ಕಣ್ಣಂದಾಜು ಬರುತ್ತದೆ. ಟ್ಯಾಂಕಿಯಿಂದ ಕೆರೆಯ ದಡದವರೆಗೆ ಹಳೆಯ ಕಪ್ಪು ಪೈಪೊಂದು ಇನ್ನೂ ಇದೆ ಎಂದು ಅವರ ಮಾತಿನಿಂದ ತಿಳಿಯಿತು. ಅದು ನನಗೆ ಬೇಕಾದ ಅಳತೆಗೋಲೇ ಆಗಿತ್ತು. ಟ್ಯಾಂಕಿಯಲ್ಲಿ ನೀರು ತುಂಬಿಸಿ, ಪೈಪಿನ ಕೆಳತುದಿಯನ್ನು ತೆರೆದು, ಗಾಳಿಯ ಬುಸುಗುಡುವಿಕೆ ನಿಂತು ನೀರು ಸಮನಾಗಿ ಬರುವವರೆಗೆ ಬಿಟ್ಟು, ಆಮೇಲೆ ತುದಿಗೆ ಪ್ರೆಶರ್ ಗೇಜು ಕೂರಿಸಿ ಮುಚ್ಚಿದರೆ ಗೇಜು ತೋರಿಸುವ ಪ್ರತಿ ಒಂದು ಕೆ.ಜಿ.ಗೆ ಹತ್ತು ಮೀಟರ್ ಎತ್ತರ. ನೀರು ಹರಿಯದೆ ನಿಂತಿರುವಾಗ ಪೈಪಿನ ಗಾತ್ರ, ಉದ್ದ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಗಾಳಿ ಉಳಿದಿದ್ದರೆ ಮಾತ್ರ ಗೇಜು ಕಡಿಮೆ ತೋರಿಸುತ್ತದೆ. ಅಲ್ಲಿಯ ಪ್ಲಂಬರಿಗೆ ಇಷ್ಟನ್ನು ತಿಳಿಸಿದೆ. ಮೀಟರ್ ಬೋರ್ಡಿನ ಒಂದು ಫೋಟೋವನ್ನೂ ಕಳುಹಿಸಲು ಹೇಳಿದೆ. ತಂದೆಯವರನ್ನು ಕೇಳಿದ್ದು ಕೆರೆಯ ಬಗ್ಗೆ ಮಾತ್ರ: ಹೋದ ವರ್ಷ ವಿಷುವಿನ ಹೊತ್ತಿಗೆ ಕೆರೆಯ ಎಷ್ಟನೆಯ ಮೆಟ್ಟಿಲು ಕಾಣುತ್ತಿತ್ತು?

ಗೇಜು 4.4 ಕೆ.ಜಿ. ತೋರಿಸಿತು, ಅಂದರೆ ದಡದಿಂದ ಟ್ಯಾಂಕಿಯ ನೀರಿಗೆ 44 ಮೀಟರ್. ಮೆಟ್ಟಿಲಿನ ಲೆಕ್ಕದಲ್ಲಿ ಏಪ್ರಿಲ್‌ನ ನೀರು ದಡದಿಂದ ಐದು ಮೀಟರ್ ಕೆಳಗೆ. ಎರಡೂ ಸೇರಿ 49, ಘರ್ಷಣೆ ಇತ್ಯಾದಿಗಳಿಗೆ ಮೂರು, ಒಟ್ಟು 52 ಮೀಟರ್. 2 ಎಚ್‌ಪಿ ಪಂಪು ಡಿಸೆಂಬರಿನಲ್ಲಿ ಹೇಗೋ ಸ್ವಲ್ಪ ನೀರು ಮುಟ್ಟಿಸಿ, ಬೇಕಾದ ಹೊತ್ತಿಗೆ ಕೈಕೊಡುತ್ತಿತ್ತು. 3 ಎಚ್‌ಪಿ ಬರೆದೆ. ಐದು ಮೀಟರ್ ಎಳೆತವು ಮಿತಿಯ ಒಳಗೇ ಇದ್ದರೂ ಫುಟ್ ವಾಲ್ವಿನಲ್ಲಿ ಕಸ ಕಟ್ಟಿದರೆ ಉಳಿಯುವ ಅವಕಾಶ ತೀರಾ ಕಡಿಮೆಯಾದುದರಿಂದ ಮೊನೋಬ್ಲಾಕ್ ಬಿಟ್ಟು ನೀರಿನೊಳಗೇ ಇಳಿಸುವ ಓಪನ್‌ವೆಲ್ ಪಂಪನ್ನು ಸೂಚಿಸಿದೆ. ಫೋಟೋದಲ್ಲಿ ತ್ರೀ ಫೇಸ್ ಮೀಟರ್ ಕಂಡದ್ದರಿಂದ ಆ ಗಾತ್ರಕ್ಕೆ ತೊಡಕಿರಲಿಲ್ಲ.

ಅಂದಾಜು ಪಟ್ಟಿಯ ಕೊನೆಯಲ್ಲಿ ನಾನು ಹಿಡಿದ ಊಹೆಗಳನ್ನು ಅವು ಎಲ್ಲಿಯವರೆಗೆ ನಡೆಯುತ್ತವೆಂಬುದರೊಂದಿಗೆ ಬರೆಯುತ್ತೇನೆ. ಪೈಪಿನ ಉದ್ದ 200 ಮೀಟರ್ ಎಂದಷ್ಟೇ ಬರೆದರೆ ಓದುವವರಿಗೆ ಅದರಿಂದ ಉಪಯೋಗವಿಲ್ಲ. ಉದ್ದ 200 ಮೀಟರ್ ಎಂದು ಹಿಡಿದಿದೆ, 300 ದಾಟಿದರೆ ಮಾತ್ರ ತಿಳಿಸಿ ಎಂದು ಬರೆದರೆ, ಅಗೆಯುವವರು 230 ಅಳೆದಾಗ ಗಾಬರಿಯಿಂದ ಫೋನು ಮಾಡುವುದಿಲ್ಲ, 320 ಅಳೆದಾಗ ಸುಮ್ಮನೆ ಮುಂದುವರಿಯುವುದೂ ಇಲ್ಲ. ಮರ 650ರವರೆಗೆ ಇದೇ ಪಂಪು ಎಂದೂ ಬರೆದಿದ್ದೆ.

ಒಂದು ಸಂಗತಿಯನ್ನು ಮಾತ್ರ ಕೇಳಿಯೂ ಖಚಿತ ಉತ್ತರವಿಲ್ಲದೆ ಊಹೆಯಾಗಿಯೇ ಉಳಿಸಿಕೊಂಡೆ: ಏಪ್ರಿಲ್ ಕೊನೆಯಲ್ಲಿ ಆ ಕೆರೆಗೆ ದಿನಕ್ಕೆ 10,000 ಲೀಟರ್ ನೀರು ಊರುತ್ತದೆಯೇ? "ಕೆರೆ ಬತ್ತಿದ್ದು ನಾನು ಕಂಡಿಲ್ಲ ಮಾರಾಯ್ರೇ" ಎಂದರು ತಂದೆಯವರು. ಬತ್ತದಿರುವುದು ಬೇರೆ, ದಿನಾ ಇಷ್ಟು ಎತ್ತಿದ ಮೇಲೂ ಬತ್ತದಿರುವುದು ಬೇರೆ. ಅವರು ಅಷ್ಟು ನೀರನ್ನು ಹಿಂದೆಂದೂ ಎತ್ತಿರಲಿಲ್ಲ. ಸರಿಯಾಗಿ ತಿಳಿಯಬೇಕಾದರೆ ಏಪ್ರಿಲ್‌ನಲ್ಲಿ ಕೆರೆಯ ಮಟ್ಟವನ್ನು ಇಳಿಸಿ, ಮರುದಿನ ಎಷ್ಟು ಏರಿತೆಂದು ಅಳೆಯಬೇಕು, ಕೆಲಸ ನಡೆಯುತ್ತಿದ್ದದ್ದು ಡಿಸೆಂಬರಿನಲ್ಲಿ. ಕಾಯುವುದಕ್ಕೆ ಕಾರಣ ಕಾಣಲಿಲ್ಲ. ನೀರು ಸಾಲದೆ ಹೋದರೂ ಪಂಪು, ಪೈಪು ಬದಲಾಗುವುದಿಲ್ಲ. ಮರಕ್ಕೆ 16 ಲೀಟರಿಗೆ ಇಳಿಸಬೇಕು, ಅಥವಾ ತೋಟವನ್ನು ಎರಡು ಪಾಲು ಮಾಡಿ ದಿನ ಬಿಟ್ಟು ದಿನ ಬಿಡಬೇಕು. ಇದನ್ನೂ ಪಟ್ಟಿಯಲ್ಲಿ ಬರೆದು, ನೀರು ತೀರಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಡ್ರೈ ರನ್ ಪ್ರೊಟೆಕ್ಟರಿನ ಬೆಲೆ ಸೇರಿಸಿ, ಎರಡು ಪಾಲಿಗೆ ಬೇಕಾಗುವ ಗೇಟ್ ವಾಲ್ವನ್ನು ಮೊದಲೇ ಕೂರಿಸಲು ಪ್ಲಂಬರಿಗೆ ತಿಳಿಸಿದೆ.